ಕುಟುಂಬ ಯೋಜನೆ ಆಪರೇಷನ್‌: ಸಹಿ ಹಾಕೋ ಮುನ್ನ ಆ ಹಾಳೆಯಲ್ಲಿ ಏನಿದೆ ಅಂತ ತಿಳ್ಕೊಳ್ಳಿ

ನಂಜನಗೂಡು/ತಿ.ನರಸೀಪುರ: ಎರಡು ಮಕ್ಕಳಾದ ಮೇಲೆ ಆಪರೇಷನ್ ಮಾಡಿಸೋದು ನಮ್ಮ ಕಡೆ ಮನೆಮನೆಯ ಮಾತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಪ್ರತಿ 100 ಹೆಣ್ಣುಮಕ್ಕಳಲ್ಲಿ 57 ಮಂದಿ ಸಂತಾನಹರಣ ಆಪರೇಷನ್ ಮಾಡಿಸಿಕೊಂಡವರು. ಇಷ್ಟು ಜನ ಮಾಡಿಸಿಕೊಂಡರೂ ಅದಕ್ಕೂ ಮುಂಚೆ ಸಹಿ ಹಾಕುವ ಒಪ್ಪಿಗೆ ಪತ್ರವನ್ನು ಓದಿ ನೋಡಿದವರು ಕಡಿಮೆ. 'ಇಲ್ಲೊಂದು ಸೈನ್ ಹಾಕಮ್ಮ' ಅಂದರೆ ಹಾಕೋದು, ಅಷ್ಟೆ.

ಆ ಪತ್ರದಲ್ಲಿ ಇರೋದೇನು?

ಕೇಂದ್ರ ಸರ್ಕಾರ ಗೊತ್ತು ಮಾಡಿರುವ ನಮೂನೆ ಅದು. ಯಾರ ಒತ್ತಾಯ, ಆಮಿಷ ಇಲ್ಲದೆ ನಾನೇ ತೀರ್ಮಾನಿಸಿದ್ದೇನೆ, ಬೇರೆ ವಿಧಾನಗಳೂ ಇವೆ ಅಂತ ನನಗೆ ಗೊತ್ತು, ಇದು ಶಾಶ್ವತ ಅಂತ ಗೊತ್ತು, ಇದರಲ್ಲಿ ಸ್ವಲ್ಪ ಅಪಾಯ ಇದೆ, ಆಪರೇಷನ್ ವಿಫಲ ಆಗುವ ಸಾಧ್ಯತೆಯೂ ಇದೆ ಅಂತ ಬರೆದಿರುತ್ತೆ. ಹೆಣ್ಣುಮಕ್ಕಳಿಗೆ ವಯಸ್ಸು 22ರಿಂದ 49ರ ಒಳಗೆ ಇರಬೇಕು. ಗಂಡನ ಸಹಿ ಕಡ್ಡಾಯ ಅಲ್ಲ. ಒಪ್ಪಿಗೆ ಕೊಡಬೇಕಾದವಳು ಆಪರೇಷನ್ ಮಾಡಿಸಿಕೊಳ್ಳುವವಳೇ.

ತೊಂದರೆ ಇರೋದು 'ಸ್ವಲ್ಪ ಅಪಾಯ', 'ವಿಫಲ ಆಗಬಹುದು' ಅನ್ನೋ ಮಾತುಗಳಲ್ಲಿ. ಸ್ವಲ್ಪ ಅಂದರೆ ಎಷ್ಟು? ಹತ್ತರಲ್ಲಿ ಒಬ್ಬರಿಗೋ, ಸಾವಿರದಲ್ಲಿ ಒಬ್ಬರಿಗೋ? ಒಬ್ಬಳು ಅದನ್ನು ಕೇಳಿ ಹೆದರಿ ಎದ್ದು ಬರಬಹುದು, ಇನ್ನೊಬ್ಬಳು 'ಏನೂ ಆಗಲ್ಲ ಬಿಡು' ಅನ್ನಬಹುದು. ಇಬ್ಬರಿಗೂ ಅರ್ಥ ಆಗಬೇಕು ಅಂದರೆ ಎಲ್ಲ ಅಪಾಯವನ್ನೂ ಒಂದೇ ಅಳತೆಯಲ್ಲಿ ಹೇಳಬೇಕು.

20 ಬಸ್ಸಿನ ಲೆಕ್ಕ

ನಂಜನಗೂಡು ಬಸ್ ನಿಲ್ದಾಣದಲ್ಲಿ 20 ಬಸ್ ಸಾಲಾಗಿ ನಿಂತಿವೆ ಅಂದುಕೊಳ್ಳಿ. ಒಂದೊಂದರಲ್ಲಿ 50 ಹೆಣ್ಣುಮಕ್ಕಳು. ಒಟ್ಟು 1000 ಜನ, ಎಲ್ಲರಿಗೂ ಆಪರೇಷನ್ ಆಗಿದೆ.

ಮೊದಲ ವರ್ಷದಲ್ಲಿ ಈ 1000 ಮಂದಿಯಲ್ಲಿ ಸುಮಾರು 5 ಮಂದಿ ಮತ್ತೆ ಗರ್ಭಿಣಿ ಆಗಬಹುದು. 995 ಮಂದಿಗೆ ಏನೂ ಆಗಲ್ಲ. ಆದರೆ ಲೆಕ್ಕ ಅಲ್ಲಿಗೇ ಮುಗಿಯಲ್ಲ. ಅಮೆರಿಕದಲ್ಲಿ ಇಂಥ ಸಾವಿರಾರು ಹೆಣ್ಣುಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ವರ್ಷದಲ್ಲಿ ಗರ್ಭ ನಿಂತವರು 1000ಕ್ಕೆ 18ರಿಂದ 19. ಅಂದರೆ 20 ಬಸ್ಸಿಗೆ ಬಸ್ಸಿಗೊಬ್ಬಳಂತೆ. ಕತ್ತರಿಸಿದ ಅಥವಾ ಉಂಗುರ ಹಾಕಿದ ಅಂಡನಾಳದ ತುದಿಗಳು ಕೆಲವರಲ್ಲಿ ಮತ್ತೆ ಕೂಡಿಕೊಳ್ಳೋದು ಇದಕ್ಕೆ ಒಂದು ಕಾರಣ. ಹಾಗಾಗಿ ವಿಫಲ ಆದ ಮಾತ್ರಕ್ಕೆ ಡಾಕ್ಟರ್ ನಿರ್ಲಕ್ಷ್ಯ ಅಂತ ಹೇಳಕ್ಕಾಗಲ್ಲ ಅಂತ ಸುಪ್ರೀಂ ಕೋರ್ಟ್ 2005ರಲ್ಲಿ ಪಂಜಾಬ್‌ನ ಒಂದು ಪ್ರಕರಣದಲ್ಲಿ ಹೇಳಿದೆ.

ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ನಡೆಸುವ ಲ್ಯಾಪ್ರೋಸ್ಕೋಪಿಯಲ್ಲಿ ಜ್ವರ, ರಕ್ತಸ್ರಾವ, ಮತ್ತೆ ಅಡ್ಮಿಟ್ ಆಗುವಂಥ ತೊಂದರೆ ಅದೇ ಅಧ್ಯಯನದಲ್ಲಿ 1000ಕ್ಕೆ ಸುಮಾರು 16 ಮಂದಿಗೆ ಬಂದಿತ್ತು. ಮೊದಲೇ ಹೊಟ್ಟೆ ಆಪರೇಷನ್ ಆಗಿದ್ದವರಿಗೆ ಈ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು. 'ಎರಡು ಪಟ್ಟು' ಅಂದರೆ ಎದೆ ಧಸಕ್ ಅನ್ನುತ್ತೆ, ಆದರೆ 16ರ ಜಾಗದಲ್ಲಿ 30ರ ಆಸುಪಾಸು ಅಂತ ಹೇಳಿದರೆ ಅಳತೆ ಸಿಗುತ್ತೆ. ಸಿಸೇರಿಯನ್ ಆಗಿದ್ದರೆ, ಶುಗರ್ ಇದ್ದರೆ ಕೇಳುವ ಮೊದಲೇ ಡಾಕ್ಟರ್‌ಗೆ ಹೇಳಬೇಕು ಅನ್ನೋದು ಅದಕ್ಕೇ.

ಸಾವು ತೀರಾ ಅಪರೂಪ. ಅಮೆರಿಕದ ಲೆಕ್ಕದಲ್ಲಿ ಲಕ್ಷಕ್ಕೆ 1-2. ಆದರೆ ಈ ಸಂಖ್ಯೆ ಆಪರೇಷನ್ ನಡೆಯೋ ಜಾಗವನ್ನು ಅವಲಂಬಿಸಿದೆ. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಬಳಿ ಒಂದೇ ಶಿಬಿರದಲ್ಲಿ ಕೆಲವೇ ಗಂಟೆಯಲ್ಲಿ 83 ಆಪರೇಷನ್ ಮಾಡಿದರು, ಆಮೇಲೆ ಹತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ಸತ್ತರು. ಒಂದು ತಂಡ ದಿನಕ್ಕೆ 30ಕ್ಕಿಂತ ಹೆಚ್ಚು ಮಾಡಬಾರದು ಅಂತ ನಿಯಮ ಇದೆ. 'ಇವತ್ತು ಎಷ್ಟು ಜನಕ್ಕೆ ಮಾಡ್ತಿದೀರಿ?' ಅಂತ ಕೇಳೋದು ತಪ್ಪಲ್ಲ.

ಎಲ್ಲಕ್ಕಿಂತ ದೊಡ್ಡ ಸಂಖ್ಯೆ

ಅದೇ ಅಮೆರಿಕದ ಅಧ್ಯಯನದಲ್ಲಿ, 30 ವರ್ಷ ಆಗುವ ಮುಂಚೆ ಆಪರೇಷನ್ ಮಾಡಿಸಿಕೊಂಡ 1000 ಮಂದಿಯಲ್ಲಿ ಸುಮಾರು 200 ಮಂದಿ 14 ವರ್ಷದೊಳಗೆ 'ಮಾಡಿಸಬಾರದಿತ್ತು' ಅಂದಿದ್ದರು. 30 ದಾಟಿದ ಮೇಲೆ ಮಾಡಿಸಿಕೊಂಡವರಲ್ಲಿ ಹಾಗೆ ಅಂದವರು ಸುಮಾರು 60. ಮಗು ತೀರಿಕೊಂಡರೆ, ಮರುಮದುವೆ ಆದರೆ ಮನಸ್ಸು ಬದಲಾಗುತ್ತೆ. ನಮ್ಮ ಊರಿನ ಲೆಕ್ಕ ಬೇರೆ ಇರಬಹುದು, ಆದರೆ ಇಲ್ಲಿ ಇಪ್ಪತ್ತರ ಹರೆಯದಲ್ಲೇ ಮಾಡಿಸಿಕೊಳ್ಳುವವರು ಬಹಳ. ಕಾಪರ್-ಟಿ ಬೇಡ ಅಂದಾಗ ತೆಗೆಸಬಹುದು. ಗಂಡಸರ ಆಪರೇಷನ್ನಿಗೆ ಹೊಟ್ಟೆ ಕೊಯ್ಯಬೇಕಿಲ್ಲ. ಸಹಿ ಹಾಕೋ ಮುನ್ನ ಈ ಎರಡನ್ನೂ ಕೇಳಿ ತಿಳ್ಕೊಳ್ಳಬಹುದು.

ಸಂಖ್ಯೆ ಸಣ್ಣದು, ಮರೆತರೆ ಅಪಾಯ

ಹುಲ್ಲಹಳ್ಳಿ ಕಡೆಯ 26 ವರ್ಷದ ಒಬ್ಬಳು ಅಂದುಕೊಳ್ಳಿ. ಆಪರೇಷನ್ ಆಗಿ ಒಂದೂವರೆ ವರ್ಷ. ಒಂದು ತಿಂಗಳು ಡೇಟ್ ಆಗಲ್ಲ. ಅತ್ತೆಗೆ ಹೇಳಿದರೆ 'ನಿಂಗೆ ಆಪರೇಷನ್ ಆಗದೆಯಲ್ಲ ಕಣವ್ವ, ರಕ್ತ ಕಮ್ಮಿ ಇರಬೇಕು' ಅಂತಾರೆ. ಮೂರು ವಾರ ಹೀಗೇ ಹೋಗುತ್ತೆ. ಆಮೇಲೆ ಕಿಬ್ಬೊಟ್ಟೆ ಒಂದು ಕಡೆ ನೋವು, ಗ್ಯಾಸು ಅಂತ ಮೆಡಿಕಲ್ ಶಾಪ್‌ನಿಂದ ಮಾತ್ರೆ.

ಇಲ್ಲೇ ಮೋಸ ಹೋಗೋದು. ಆಪರೇಷನ್ ವಿಫಲ ಆದಾಗ ಗರ್ಭ ಗರ್ಭಕೋಶದಲ್ಲಿ ನಿಲ್ಲದೆ ಅಂಡನಾಳದಲ್ಲೇ ನಿಲ್ಲುವ ಸಾಧ್ಯತೆ ಹೆಚ್ಚು. ಹತ್ತು ವರ್ಷದ ಲೆಕ್ಕದಲ್ಲಿ 1000ಕ್ಕೆ ಸುಮಾರು 7. ನಾಳ ಬೆಳೆದು ಒಡೆದರೆ ಹೊಟ್ಟೆಯೊಳಗೇ ರಕ್ತ ಸೋರುತ್ತೆ. ಒಂದು ಕಡೆ ನೋವು, ಸ್ವಲ್ಪ ರಕ್ತ ಕಾಣಿಸೋದು, ತಲೆ ಸುತ್ತು, ಭುಜದ ತುದಿಯಲ್ಲಿ ನೋವು ಇದರ ಲಕ್ಷಣ. ಆಗ 108ಕ್ಕೆ ಫೋನ್ ಮಾಡಬೇಕು, ಬೆಳಗಾಗಲಿ ಅಂತ ಕಾಯಬಾರದು.

ಒಪ್ಪಿಗೆ ಪತ್ರದಲ್ಲಿ ಇದಕ್ಕಂತಲೇ ಒಂದು ಸಾಲಿದೆ: ಮುಟ್ಟು ತಪ್ಪಿದರೆ ಎರಡು ವಾರದೊಳಗೆ ಡಾಕ್ಟರ್‌ಗೆ ತಿಳಿಸಬೇಕು. ಮೇಲಿನ ಹೆಣ್ಣುಮಗಳಿಗೆ ಆ ಸಾಲು ಓದಿ ಹೇಳಿದ್ದರೆ ಮೊದಲ ವಾರವೇ ಮೂತ್ರ ಪರೀಕ್ಷೆ ಆಗಿ, ಪಾಸಿಟಿವ್ ಬಂದರೆ ಸ್ಕ್ಯಾನಿಂಗ್ ಆಗಿರುತ್ತಿತ್ತು.

ಒಂದು ಗಂಟೆ ನಿಮ್ಮದು

ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ 2016ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಆಪರೇಷನ್ ಪರಿಣಾಮವನ್ನು ಅವರಿಗೆ ಗೊತ್ತಿರುವ ಭಾಷೆಯಲ್ಲೇ ವಿವರಿಸಬೇಕು, ಮನಸ್ಸು ಬದಲಾದರೆ ಹಿಂದೆ ಸರಿಯಲು ಸುಮಾರು ಒಂದು ಗಂಟೆ ಸಮಯ ಕೊಡಬೇಕು.

ಓದು ಬರದವರು ಪತ್ರವನ್ನು ಜೋರಾಗಿ ಓದಿಸಿ ಕೇಳಬಹುದು, ಆಶಾ ಕಾರ್ಯಕರ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಹುದು. ಆಪರೇಷನ್ ಆಗಿ ಒಂದು ತಿಂಗಳಿಗೆ, ಅಥವಾ ಅದಕ್ಕೂ ಮುಂಚೆ ಮುಟ್ಟಾದರೆ ಆಗಲೇ, ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ರೇಷನ್ ಕಾರ್ಡ್ ಜೊತೆ ಎತ್ತಿಡಿ. ವಿಫಲ ಆದರೆ, ತೊಂದರೆ ಆದರೆ ಸರ್ಕಾರದ ಪರಿಹಾರಕ್ಕೆ 90 ದಿನದೊಳಗೆ ಅರ್ಜಿ ಹಾಕಬೇಕು. ಆಗ ಕೇಳೋದು ಆ ಕಾಗದಗಳನ್ನೇ.