ದರ ಹೆಚ್ಚಾಯಿತು ಎಂದ ಸಾಹುಕಾರರಿಗೆ ಏನು ಉತ್ತರ ಕೊಡಬೇಕು?

ಬಿಡದಿ, ರಾಮನಗರ, ಚನ್ನಪಟ್ಟಣದ ಕಡೆ ಸರಕು ತಯಾರಿಸಿ ಅಂಗಡಿಗಳಿಗೂ ಕಾರ್ಖಾನೆಗಳಿಗೂ ಸಗಟಾಗಿ ಮಾರುವ ಬಂಧುಗಳು ಅನೇಕರಿದ್ದಾರೆ. ಅವರೆಲ್ಲರೂ ಒಂದಲ್ಲ ಒಂದು ದಿನ ಕೇಳುವ ಮಾತು ಇದು: "ಸರಕು ಚೆನ್ನಾಗಿದೆ, ದರ ಮಾತ್ರ ಹೆಚ್ಚಾಯಿತು." ಈ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹಳ ಮಂದಿ "ಆಗಲಿ, ಹತ್ತು ರೂಪಾಯಿ ಕಡಿಮೆ ಮಾಡಿಕೊಳ್ಳಿ" ಎಂದುಬಿಡುತ್ತಾರೆ. ಹಾಗೆ ಬಿಟ್ಟ ಹತ್ತು ರೂಪಾಯಿ ಎಲ್ಲಿಂದ ಹೋಗುತ್ತದೆ ಎಂಬುದನ್ನು ಚನ್ನಪಟ್ಟಣದ ಬೊಂಬೆಯ ಉದಾಹರಣೆಯಿಂದ ನೋಡೋಣ. ಕೆಳಗಿನ ಅಂಕಿಗಳು ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು. ತಾವು ತಮ್ಮ ಕಸುಬಿನ ಅಂಕಿಗಳನ್ನು ಆ ಜಾಗದಲ್ಲಿಟ್ಟು ನೋಡಬೇಕು.

ಮೊದಲು ಮನೆಯ ಲೆಕ್ಕ

ಮಗುವಿನ ಗಿಲಕಿಯೊಂದನ್ನು ತಯಾರಿಸುವ ಘಟಕವಿದೆ ಎನ್ನಿ. ಆಲೆ ಮರಕ್ಕೆ 22 ರೂಪಾಯಿ, ಅರಗು ಮತ್ತು ಬಣ್ಣಕ್ಕೆ 14, ಕಡೆಯುವ ಕೂಲಿ 38, ವಿದ್ಯುತ್ತು ಮತ್ತು ಬಾಡಿಗೆ 8, ಡಬ್ಬಿ ಹಾಗೂ ಸಾಗಣೆ 10, ಒಡೆದು ಹಾಳಾಗುವುದಕ್ಕೆ 4. ಒಟ್ಟು 96 ರೂಪಾಯಿ ಖರ್ಚು. ಸಗಟು ದರ 120. ಉಳಿಯುವುದು 24 ರೂಪಾಯಿ.

ಬೆಂಗಳೂರಿನ ಅಂಗಡಿಯವರು 500 ಗಿಲಕಿ ಬೇಕೆನ್ನುತ್ತಾರೆ. ಲಾಭ 12,000 ರೂಪಾಯಿ. ಈಗ ತಾವು ನೂರಕ್ಕೆ ಹತ್ತರಂತೆ ರಿಯಾಯಿತಿ ಕೊಟ್ಟಿರೆಂದುಕೊಳ್ಳಿ. ದರ 108 ಆಯಿತು, ಉಳಿದದ್ದು 12. ದರದಲ್ಲಿ ಹತ್ತನೆಯ ಒಂದು ಪಾಲು ಹೋದರೂ ಲಾಭದಲ್ಲಿ ಅರ್ಧವೇ ಹೋಯಿತು. ಅದೇ 12,000 ರೂಪಾಯಿ ಕೈಗೆ ಬರಬೇಕಾದರೆ 500ರ ಬದಲು 1,000 ಗಿಲಕಿ ಕಡೆಯಬೇಕು. ಮರ ಎರಡರಷ್ಟು, ದುಡಿಮೆ ಎರಡರಷ್ಟು, ಆದಾಯ ಮಾತ್ರ ಅಷ್ಟೇ. ಇನ್ನೊಂದು ತೊಂದರೆಯೂ ಇದೆ. ಒಂದೇ ಮಾತಿಗೆ 12 ರೂಪಾಯಿ ಇಳಿಯಿತೆಂದರೆ, ಮೊದಲು ಹೇಳಿದ 120 ಹುಸಿ ದರವೆಂದು ಸಾಹುಕಾರರು ತಿಳಿಯುತ್ತಾರೆ. ಮುಂದಿನ ಸಲ ಮಾತು 108ರಿಂದ ಕೆಳಕ್ಕೆ ಶುರುವಾಗುತ್ತದೆ.

ಆ ಮಾತಿನ ಅರ್ಥ ಕೇಳಿ ತಿಳಿಯಿರಿ

"ದರ ಹೆಚ್ಚಾಯಿತು" ಎಂಬ ಒಂದೇ ಮಾತಿಗೆ ಬೇರೆ ಬೇರೆ ಅರ್ಥಗಳುಂಟು. ಆದ್ದರಿಂದ ಅಂಕಿಯಿಂದ ಉತ್ತರ ಕೊಡದೆ, ಕ್ಷಣಕಾಲ ಸುಮ್ಮನಿದ್ದು, ಸಮಾಧಾನದಿಂದ ಹೀಗೆ ಕೇಳಿ: "ಯಾವುದಕ್ಕೆ ಹೋಲಿಸಿ ಹೆಚ್ಚೆನ್ನುತ್ತೀರಿ, ಸಾಹುಕಾರರೆ?"

"ಇನ್ನೊಬ್ಬರು 100ಕ್ಕೆ ಕೊಡುತ್ತಾರೆ" ಎಂದರೆ ಅದು ಹೋಲಿಕೆಯ ಮಾತು. "ಈ ಸಲ ಇಷ್ಟೇ ಹಣ ಇಟ್ಟಿದ್ದೇವೆ" ಎಂದರೆ ಒಟ್ಟು ಮೊತ್ತದ ಮಾತು. "ಹಬ್ಬ ಕಳೆಯುವವರೆಗೆ ಕೈಯಲ್ಲಿ ಹಣವಿಲ್ಲ" ಎಂದರೆ ವಾಯಿದೆಯ ಮಾತು. ಯಾವ ಕಾರಣವನ್ನೂ ಹೇಳದೆ "ಏನಾದರೂ ಬಿಡಿ" ಎಂದು ನಕ್ಕರೆ ಅದು ಬರಿಯ ರೂಢಿಯ ಚೌಕಾಸಿ. ಅಂಥವರಿಗೆ "ಲೆಕ್ಕ ಹಾಕಿಯೇ ಹೇಳಿದ ದರ ಇದು" ಎಂದು ವಿನಯದಿಂದ ಹೇಳಿ, ಸರಕು ಯಾವ ದಿನ ಬೇಕೆಂಬ ಮಾತಿಗೆ ಹೋಗಬಹುದು. ಕಾರಣ ಹಣದ ವಾಯಿದೆಯಾಗಿದ್ದರೆ ದರ ಇಳಿಸುವುದು ಅವರಿಗೂ ಪರಿಹಾರವಲ್ಲ. ಸರಕನ್ನು ಎರಡು ಕಂತಿನಲ್ಲಿ ಕಳಿಸುವುದೇ ಪರಿಹಾರ.

ಎರಡು ಗಿಲಕಿಗಳನ್ನು ಪಕ್ಕದಲ್ಲಿಡಿ

ನಮ್ಮ ಸಾಹುಕಾರರದು ಹೋಲಿಕೆಯ ಮಾತು. ಆಗ ಆ 100 ರೂಪಾಯಿಯ ಗಿಲಕಿಯನ್ನೂ ತೋರಿಸಬೇಕೆಂದು ಕೇಳಿ, ಎರಡನ್ನೂ ಮೇಜಿನ ಮೇಲೆ ಇಡಿ. ಚನ್ನಪಟ್ಟಣದ ಪದ್ಧತಿಯಲ್ಲಿ ಮರವನ್ನು ತಿಂಗಳುಗಟ್ಟಲೆ ಒಣಗಿಸುತ್ತಾರೆ. ಲೇತ್ ಮೇಲೆ ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಳಿಕ ತಾಳೆ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಹಸಿ ಮರ ಕಡೆದರೆ ಅದು ಆಮೇಲೆ ಒಣಗಿ ಕುಗ್ಗಿ ಬಿರುಕು ಬಿಡುತ್ತದೆ, ಅರಗು ಎದ್ದು ಬರುತ್ತದೆ. ಅಗ್ಗದ ಸರಕಿನಲ್ಲಿ ಈ ಬಿರುಕನ್ನು ಹುಡುಕಿ ನೋಡಿ. ಒದ್ದೆಯ ಬಿಳಿ ಬಟ್ಟೆಯಿಂದ ಎರಡನ್ನೂ ಉಜ್ಜಿ, ಯಾವುದರ ಬಣ್ಣ ಬಟ್ಟೆಗೆ ಹತ್ತುತ್ತದೆಂದು ಸಾಹುಕಾರರೇ ನೋಡಲಿ. ಮಗು ಬಾಯಿಗಿಡುವ ವಸ್ತುವಿಗೆ ಇದು ದೊಡ್ಡ ಮಾತು. ಆದರೆ ಎದುರಾಳಿಯನ್ನು ಜರೆಯಬೇಡಿ. ನೋಡಿದ್ದನ್ನು ಅವರೇ ಹೇಳಲಿ.

ಆಮೇಲೆ ಕೇಳಿ: "ಕಳೆದ ಸಲ ನೂರರಲ್ಲಿ ಎಷ್ಟು ಗಿರಾಕಿಗಳಿಂದ ವಾಪಸು ಬಂದವು?" ಹತ್ತು ಎಂದರೆ, ಅವರು 10,000 ರೂಪಾಯಿ ಕೊಟ್ಟು ಮಾರಲು ಆಗುವ 90 ಗಿಲಕಿ ಪಡೆದಂತಾಯಿತು. ಒಂದಕ್ಕೆ ಬಿದ್ದದ್ದು ಸುಮಾರು 111 ರೂಪಾಯಿ. ನಿಮ್ಮ ಸರಕು ವಾಪಸು ಬರುವುದಿಲ್ಲವಾದರೆ ನಿಜವಾದ ಅಂತರ 20 ಅಲ್ಲ, 9. ಇನ್ನೂ 9 ರೂಪಾಯಿ ಅಂತರವಿದೆ ಎಂಬುದನ್ನು ಮರೆಮಾಚಬೇಡಿ. ಸಾಹುಕಾರರಿಗೂ ಲೆಕ್ಕ ಬರುತ್ತದೆ.

ಕೊಡುವಾಗ ಒಂದನ್ನು ಪಡೆಯಿರಿ

ಉಳಿದ ಅಂತರಕ್ಕೆ ದಾರಿ ಏನು? ಬರಿದೇ ದರ ಇಳಿಸದೆ, ಖರ್ಚನ್ನೇ ಇಳಿಸುವ ಮಾತಾಡಿ. "ಒಂದೊಂದಕ್ಕೆ ಡಬ್ಬಿ ಬೇಡ, ಹನ್ನೆರಡನ್ನು ಒಂದೇ ಪೆಟ್ಟಿಗೆಯಲ್ಲಿ ಕಳಿಸಬಹುದೆ?" ಇದರಿಂದ 5 ರೂಪಾಯಿ ಉಳಿಯುತ್ತದೆ. "ಐದು ಬಣ್ಣದ ಬದಲು ಎರಡೇ ಬಣ್ಣ ಆಗಬಹುದೆ?" ಕಡ್ಡಿ ಬದಲಿಸುವ ಹೊತ್ತು ಉಳಿದು ಕೂಲಿಯಲ್ಲಿ 2 ರೂಪಾಯಿ ಇಳಿಯುತ್ತದೆ. ಖರ್ಚು 96ರಿಂದ 89ಕ್ಕೆ ಬಂತು. ದರವನ್ನು 113ಕ್ಕೆ ತಂದರೂ ನಿಮ್ಮ 24 ರೂಪಾಯಿ ಹಾಗೆಯೇ ಇದೆ. ಸಾಹುಕಾರರಿಗೆ 113 ಮತ್ತು 111 ಹತ್ತಿರಹತ್ತಿರವಾಯಿತು. ಡಬ್ಬಿಯೂ ಐದು ಬಣ್ಣವೂ ಬೇಕೆಂದರೆ 120 ಎಂದು ಎರಡು ದರಗಳನ್ನೂ ಬರೆದುಕೊಡಿ. ಆಯ್ಕೆ ಅವರದಾಗಲಿ.

ಇನ್ನೂ ಇಳಿಸಿ ಎಂದರೆ ಮುಂಗಡ ಕೇಳಬಹುದು. ಮರ ಕೊಳ್ಳಲು ಸಾಲ ಮಾಡುವುದು ತಪ್ಪಿದರೆ, ಉಳಿದ ಬಡ್ಡಿಯಷ್ಟನ್ನು ಮಾತ್ರ ದರದಲ್ಲಿ ಬಿಡಬಹುದು. ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ತಯಾರಕರಿಗೆ 2006ರ ಕಾಯಿದೆಯ ಆಸರೆಯೂ ಇದೆ. ಬರಹದ ಒಪ್ಪಂದವಿದ್ದರೂ ಸರಕು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ಕೊಂಡವರು ಬಡ್ಡಿ ತೆರಬೇಕಾಗುತ್ತದೆ. ಆದ್ದರಿಂದ ಮೂರು ತಿಂಗಳ ಉದ್ದರಿಯನ್ನು ರಿಯಾಯಿತಿಯ ಜೊತೆಗೆ ಸೇರಿಸಿ ಒಪ್ಪಿಕೊಳ್ಳಬೇಡಿ.

ಎಲ್ಲಿ ನಿಲ್ಲಬೇಕು

ಮಾತಿಗೆ ಹೋಗುವ ಮೊದಲೇ ಇದಕ್ಕಿಂತ ಕೆಳಗೆ ಇಳಿಯೆನೆಂಬ ಅಂಕಿಯನ್ನು ಬರೆದಿಟ್ಟುಕೊಳ್ಳಿ. ವ್ಯಾಪಾರದ ಹುರುಪಿನಲ್ಲಿ ಹುಟ್ಟುವ ಅಂಕಿಗೆ ಬುಡವಿರುವುದಿಲ್ಲ.

ಈ ಕ್ರಮಕ್ಕೂ ಮಿತಿಯುಂಟು. ಪಕ್ಕದ ಬೀದಿಯವರು ಅದೇ ಮರ, ಅದೇ ಅರಗು, ಅದೇ ಕೆಲಸವನ್ನು ನಿಜವಾಗಿಯೂ 100ಕ್ಕೆ ಕೊಡುತ್ತಿದ್ದರೆ ಯಾವ ಮಾತೂ ನಡೆಯದು. ಆಗ ಮನೆಗೆ ಬಂದು ಮರವನ್ನು ಎಲ್ಲಿ ಕೊಳ್ಳುತ್ತೀರಿ, ಎಷ್ಟು ಹಾಳಾಗುತ್ತದೆ ಎಂಬುದನ್ನು ಪರೀಕ್ಷಿಸಬೇಕು. ಒಬ್ಬರು ದರ ಹೆಚ್ಚೆಂದರೆ ಅದು ಅವರ ಮಾತು. ನಾಲ್ಕೈದು ಅಂಗಡಿಯವರು ಎರಡು ಸರಕನ್ನೂ ನೋಡಿದ ಮೇಲೆ ಅದನ್ನೇ ಹೇಳಿದರೆ ಅದು ಪೇಟೆಯ ಮಾತು. ಇನ್ನು ಕೆಲವರು ಲೆಕ್ಕ ಕೇಳದೆ, ಸರಕು ನೋಡದೆ, ಅಂಕಿಯನ್ನಷ್ಟೇ ಕೆಳಕ್ಕೆ ಎಳೆಯುತ್ತಾರೆ. ಅಂಥವರಿಗೆ ಕೈಮುಗಿದು "ಈ ಸಲ ಆಗಲಿಲ್ಲ, ಮುಂದೆ ನೋಡೋಣ" ಎಂದು ಎದ್ದು ಬರುವುದು ಲೇಸು.

ವ್ಯಾಪಾರ ಕುದುರಿದ ಮೇಲೆ ದರ, ಎಣಿಕೆ, ಬಣ್ಣ, ಡಬ್ಬಿ, ಮುಂಗಡ, ಹಣ ಕೊಡುವ ದಿನ ಇವಿಷ್ಟನ್ನೂ ಕಾಗದದ ಮೇಲೆ ಬರೆದು ಇಬ್ಬರೂ ರುಜು ಹಾಕಿರಿ. 113ರ ದರಕ್ಕೆ ಡಬ್ಬಿ ಸೇರಿಲ್ಲವೆಂದು ಅದರಲ್ಲಿ ಕಾಣಿಸಿರಲಿ.