ಮೂರು ನಿಮಿಷದ ವಂದನಾರ್ಪಣೆ

ಮುಂಬಯಿಯ ನಮ್ಮ ಕಾಲೇಜಿನ ಕನ್ನಡ ಬಳಗದಲ್ಲಿ ಒಂದು ವಾಡಿಕೆಯುಂಟು. ವಾರ್ಷಿಕೋತ್ಸವದ ಪ್ರಾರ್ಥನೆ, ಸ್ವಾಗತ, ವರದಿವಾಚನ ಎಲ್ಲಕ್ಕೂ ತಿಂಗಳ ಮೊದಲೇ ಹೆಸರು ಗೊತ್ತಾಗುತ್ತದೆ. ವಂದನಾರ್ಪಣೆ ಮಾತ್ರ ಹಿಂದಿನ ದಿನ, ಸಿಕ್ಕವರ ತಲೆಗೆ. ಹೋದ ವರ್ಷ ಸಿಕ್ಕ ತಲೆ ನನ್ನದು.

ರಾತ್ರಿ ಕುಳಿತು ನಾಲ್ಕು ಪುಟ ಬರೆದೆ. ಮರುದಿನ ಅತಿಥಿಗಳ ಭಾಷಣದ ಸಾರಾಂಶವನ್ನೇ ಎರಡು ನಿಮಿಷ ಹೇಳಿದೆ. ಅಧ್ಯಕ್ಷರು ಅದನ್ನು ಆಗಲೇ ಹೇಳಿ ಮುಗಿಸಿದ್ದರು! ಆಮೇಲೆ ಹೆಸರುಗಳ ಪಟ್ಟಿ. ಡೊಂಬಿವಿಲಿಗೆ, ವಿರಾರಿಗೆ ಲೋಕಲ್ ಹಿಡಿಯಬೇಕಾದ ಜನ ಚೀಲ ಹೆಗಲಿಗೇರಿಸಿದರು. ಕುರ್ಚಿಗಳ ಸದ್ದು ನನ್ನ ದನಿಯನ್ನು ನುಂಗಿತು. ಗಡಿಬಿಡಿಯಲ್ಲಿ ಓದಿ ಕೆಳಗಿಳಿದಾಗ ಬಾಗಿಲ ಬಳಿ ಬೀಗದಕೈ ಹಿಡಿದು ಸಿಪಾಯಿ ಕಾಕಾ ನಿಂತಿದ್ದರು. ವಿಜಾಪುರದ ಕಡೆಯವರು. ಬೆಳಿಗ್ಗೆಯಿಂದ ಪರದೆ ಕಟ್ಟಿ, ಕುರ್ಚಿ ಹಾಕಿದವರು. ಅವರನ್ನು ನೆನೆದೇ ಇರಲಿಲ್ಲ. "ಮುಗೀತೇನೋ ತಮ್ಮಾ? ಬಾಗಲಾ ಹಾಕ್ಲ್ಯಾ?" ಎಂದರು, ಅಷ್ಟೇ. ಆ ರಾತ್ರಿ ನನಗೆ ಊಟ ರುಚಿಸಲಿಲ್ಲ.

ಈ ವರ್ಷ ನಾನೇ ಕೇಳಿ ಆ ಕೆಲಸ ತೆಗೆದುಕೊಂಡೆ. ಅದರಿಂದ ತಿಳಿದದ್ದನ್ನು ಮುಂದಿನವರಿಗಾಗಿ ಬರೆಯುತ್ತಿದ್ದೇನೆ.

ಮೊದಲು, ಪಟ್ಟಿ. ಇದನ್ನು ಕೋಣೆಯಲ್ಲಿ ಕುಳಿತು ಬರೆಯಬೇಡಿ. ಕಾರ್ಯಕ್ರಮದ ಮಧ್ಯಾಹ್ನ ಸಭಾಂಗಣದಲ್ಲಿ ಒಂದು ಸುತ್ತು ಹಾಕಿ, ಯಾರ ಕೈ ಏನು ಮಾಡುತ್ತಿದೆ ನೋಡಿ, ಬರೆದುಕೊಳ್ಳಿ. ಖಜಾಂಚಿಯ ರಸೀದಿ ಪುಸ್ತಕವನ್ನೂ ತಿರುವಿ ಹಾಕಿ, ದಾನಿಗಳು ಬಿಟ್ಟುಹೋಗುವುದಿಲ್ಲ. ಕೊನೆಗೆ ಎರಡು ಸಾಲು ಖಾಲಿ ಬಿಡಿ. ಕಡೇ ಗಳಿಗೆಯಲ್ಲಿ ಹಾರ್ಮೋನಿಯಂ ತಂದುಕೊಟ್ಟವರು ಅಲ್ಲಿ ಸೇರುತ್ತಾರೆ.

ಎರಡನೆಯದು, ಹೆಸರುಗಳ ಲೆಕ್ಕ. ವೇದಿಕೆಯ ಮೇಲಿನವರನ್ನು ಹೆಸರಿಟ್ಟು, ಒಬ್ಬೊಬ್ಬರಿಗೆ ಒಂದೇ ವಾಕ್ಯದಲ್ಲಿ ವಂದಿಸಿ. ಉಳಿದವರನ್ನು ಗುಂಪಾಗಿ ನೆನೆಯಿರಿ. ಒಂದು ಗುಂಪಿನಲ್ಲಿ ಎಲ್ಲರ ಹೆಸರನ್ನೂ ಹೇಳಬೇಕು, ಇಲ್ಲವೇ ಯಾರದ್ದೂ ಬೇಡ. ಏಳು ಸ್ವಯಂಸೇವಕರಲ್ಲಿ ನಾಲ್ವರ ಹೆಸರು ಹೇಳಿದಿರೋ, ಉಳಿದ ಮೂವರು ಮುಂದಿನ ವರ್ಷ ಕುರ್ಚಿ ಎತ್ತಲು ಬರುವುದಿಲ್ಲ.

ಮೂರನೆಯದು, ಮಾತು. 'ವಂದನೆಗಳನ್ನು ಅರ್ಪಿಸಲು ಇಚ್ಛಿಸುತ್ತೇನೆ' ಎನ್ನುತ್ತೇವೆ. ಇಚ್ಛಿಸುತ್ತ ನಿಲ್ಲುವುದೇಕೆ? ಅರ್ಪಿಸಿಬಿಡಿ! 'ಕೊನೆಯದಾದರೂ ಕಡಿಮೆಯದಲ್ಲದ' ಎಂಬುದು ಇಂಗ್ಲಿಷಿನ ನೆರಳು. 'ಕೊನೆಯದಾಗಿ' ಎಂದರೆ ಸಾಕು. ವಾಕ್ಯಕ್ಕೊಂದು 'ಹೃತ್ಪೂರ್ವಕ' ಹಾಕುವ ಬದಲು ಅವರು ಮಾಡಿದ ಒಂದು ಕೆಲಸವನ್ನು ಹೇಳಿ. ಅತಿಥಿಗಳು ಮಾತಾಡುವಾಗ ಕಿವಿಗೊಟ್ಟು ಒಂದೇ ಒಂದು ಮಾತನ್ನು ಗುರುತು ಹಾಕಿಕೊಳ್ಳಿ. ಮೊದಲೇ ಬರೆದು ತಂದ ಹೊಗಳಿಕೆಗಿಂತ ಅದು ಅವರಿಗೆ ಹೆಚ್ಚು ಮುಟ್ಟುತ್ತದೆ.

ನಾನು ಈ ಸಲ ಹೇಳಿದ್ದು ಹೀಗೆ. ಹೆಸರುಗಳನ್ನು ಮಾತ್ರ ಇಲ್ಲಿ ಬಿಟ್ಟಿದ್ದೇನೆ:

"ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ಪ್ರಾಚಾರ್ಯರೇ, ಬಂಧುಗಳೇ. ಮನೆಯಲ್ಲಿ ಕನ್ನಡ ಆಡದವನಿಗೆ ವೇದಿಕೆಯ ಕನ್ನಡ ಎರವಲಿನದು ಎಂದರು ನಮ್ಮ ಅತಿಥಿಗಳು. ಆ ಮಾತನ್ನು ಮನೆಗೆ ಒಯ್ಯುತ್ತೇವೆ, ಅವರಿಗೆ ವಂದನೆಗಳು. ಗಡಿಯಾರ ನೋಡದೆ ಸಭೆಯನ್ನು ಗಡಿಯಾರದಂತೆ ನಡೆಸಿದ ಅಧ್ಯಕ್ಷರಿಗೆ ವಂದನೆಗಳು. ಪರೀಕ್ಷೆ ಹತ್ತಿರವಿದ್ದರೂ ಸಭಾಂಗಣ ಕೊಟ್ಟ ಪ್ರಾಚಾರ್ಯರಿಗೆ, ನಮ್ಮ ನಾಟಕದ ಉಚ್ಚಾರ ತಿದ್ದಿದ ಗುರುಗಳಿಗೆ ನಾವು ಋಣಿಗಳು. ಸ್ಮರಣ ಸಂಚಿಕೆಗೆ ಜಾಹೀರಾತು ಕೊಟ್ಟ ಹೋಟೆಲಿನ ಅಣ್ಣಂದಿರಿಗೆ, ಹಾಡಿ ಕುಣಿದ ಗೆಳೆಯ ಗೆಳತಿಯರಿಗೆ, ಮೈಕು–ದೀಪ ನೋಡಿಕೊಂಡವರಿಗೆ ಕೃತಜ್ಞತೆಗಳು. ನಾವು ಬರುವ ಮೊದಲೇ ಬಂದು, ನಾವು ಹೋದಮೇಲೆ ಹೋಗುವವರು ನಮ್ಮ ಕಾಕಾ, ಅವರಿಗೆ ನಮಸ್ಕಾರ. ಕೊನೆಯದಾಗಿ, ಲೋಕಲ್ ತಪ್ಪಿದರೂ ಕುಳಿತ ನಿಮಗೆಲ್ಲ ವಂದನೆಗಳು. ಈಗ ರಾಷ್ಟ್ರಗೀತೆ, ದಯವಿಟ್ಟು ಎದ್ದು ನಿಲ್ಲಬೇಕು."

ನಿಧಾನವಾಗಿ ಓದಿದರೂ ಮೂರು ನಿಮಿಷದೊಳಗೆ ಮುಗಿಯಿತು. ಆ ಕಡೆಯ ಮಾತನ್ನು ಮರೆಯಬೇಡಿ. ಅದಿಲ್ಲದಿದ್ದರೆ ಅರ್ಧ ಸಭೆ ರಾಷ್ಟ್ರಗೀತೆಗೆ ಮೊದಲೇ ಬಾಗಿಲು ದಾಟಿರುತ್ತದೆ.

ಕಾಕಾ ಏನೂ ಹೇಳಲಿಲ್ಲ. ನಾವು ಪರದೆ ಮಡಚುವಾಗ ಒಂದು ತುದಿ ಹಿಡಿದು, "ಅವಸರಿಲ್ಲ ತಮ್ಮಾ, ಸಾವಕಾಶ ಮಡಚ್ರಿ" ಎಂದರು. ಬೀಗದಕೈ ಇನ್ನೂ ಅವರ ಕಿಸೆಯಲ್ಲೇ ಇತ್ತು.