ಅಪ್‌ಡೇಟ್ ಬಂದ ಮರುದಿನದ ಕರೆಗಳು

ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ನ ಹೊಸ ಆವೃತ್ತಿ ಬಿಡುವಾಗ ಏನೇನು ಬದಲಾಗಿದೆ ಎಂದು ಬರೆಯಲು ಕಂಪನಿಗೆ ಒಂದು ಭಾಷೆಗೆ 500 ಅಕ್ಷರಗಳಷ್ಟು ಜಾಗ ಸಿಗುತ್ತದೆ. ಬಹಳಷ್ಟು ಕಂಪನಿಗಳು ‘ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತವೆ. ಗ್ರಾಹಕರು ಅದನ್ನು ಓದುವುದೂ ಅಷ್ಟಕ್ಕಷ್ಟೇ, ಹಾಗಾಗಿ ನಷ್ಟವೇನಿಲ್ಲ. ಆದರೆ ಕಸ್ಟಮರ್ ಕೇರ್‌ನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತವರಿಗೆ ಬೇಕಾದದ್ದು ಬೇರೆಯೇ ಟಿಪ್ಪಣಿ. ಅದನ್ನು ಕಂಪನಿಯ ಒಳಗೇ ಯಾರಾದರೂ ಬರೆದುಕೊಡಬೇಕು.

ಮನೆಗೆ ದಿನಸಿ ತಲುಪಿಸುವ ಒಂದು ಆ್ಯಪ್ ಇದೆ, ಅದರ 4.8.0 ಆವೃತ್ತಿ ಬಂತು ಎಂದಿಟ್ಟುಕೊಳ್ಳೋಣ. ಎಂಜಿನಿಯರ್ ಕಳಿಸಿದ ಸಾಲು ಹೀಗಿದೆ: ‘`POST_NOTIFICATIONS` ಅನುಮತಿ ಕೇಳುವುದನ್ನು ಮೊದಲ ಆರ್ಡರ್ ಆದ ನಂತರಕ್ಕೆ ಬದಲಿಸಿದೆ.’ ಸಾಲು ಸರಿಯಾಗಿಯೇ ಇದೆ. ಆದರೆ ಫೋನ್ ಮಾಡುವ ಗ್ರಾಹಕರ ಬಾಯಲ್ಲಿ ಈ ಮಾತು ಬರುವುದಿಲ್ಲ. ಅವರು ಹೇಳುವುದು, ‘ಡೆಲಿವರಿ ಹುಡುಗ ಬಂದು ಹೋದನಂತೆ, ನನಗೊಂದು ಮೆಸೇಜೂ ಬರಲಿಲ್ಲ!’

ಎರಡಕ್ಕೂ ಇರುವ ನಂಟು ಇಷ್ಟೇ. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದೀಚೆಗೆ ಹೊಸದಾಗಿ ಹಾಕಿಕೊಂಡ ಆ್ಯಪ್‌ಗೆ ಸೂಚನೆ ಕಳಿಸುವ ಹಕ್ಕು ತಾನಾಗಿ ಸಿಗುವುದಿಲ್ಲ. ಬಳಸುವವರನ್ನು ಕೇಳಿಯೇ ಪಡೆಯಬೇಕು. ಹಣ ಕಟ್ಟಿ ಆರ್ಡರ್ ಮುಗಿಸುವ ಹೊತ್ತಿಗೆ ಪರದೆಯ ಮೇಲೆ ಪ್ರಶ್ನೆ ಎದ್ದರೆ ಎಷ್ಟೋ ಜನ ಓದದೆಯೇ `Don't allow` ಒತ್ತಿಬಿಡುತ್ತಾರೆ. ಎರಡು ಸಲ ಹಾಗೆ ಮಾಡಿದರೆ ಫೋನ್ ಆ ಪ್ರಶ್ನೆಯನ್ನು ಮತ್ತೆ ತೋರಿಸುವುದೇ ಇಲ್ಲ. ಮುಂಚಿನಿಂದಲೂ ಸೂಚನೆ ಬರುತ್ತಿದ್ದವರಿಗೆ ಇದರಿಂದ ಏನೂ ಆಗುವುದಿಲ್ಲ.

ಇಷ್ಟು ಗೊತ್ತಾದ ಮೇಲೆ ಟಿಪ್ಪಣಿಯನ್ನು ಗ್ರಾಹಕರ ಮಾತಿನಿಂದಲೇ ಶುರು ಮಾಡಬಹುದು:

‘ಹೊಸ ಗ್ರಾಹಕರು ಡೆಲಿವರಿ ಮೆಸೇಜ್ ಬರುತ್ತಿಲ್ಲ ಎಂದರೆ, ಆ್ಯಪ್‌ನ ಚಿತ್ರವನ್ನು ಒತ್ತಿ ಹಿಡಿಯಲು ಹೇಳಿ. `App info` ಅಥವಾ ಸುತ್ತಿನೊಳಗೆ i ಇರುವ ಗುರುತು ಕಾಣುತ್ತದೆ. ಅದರೊಳಗೆ `Notifications` ಆಫ್ ಆಗಿದ್ದರೆ ಆನ್ ಮಾಡಿಸಿ. ಫೋನ್ ಕನ್ನಡದಲ್ಲಿದ್ದರೆ ಅಲ್ಲಿ ಅದರ ಕನ್ನಡ ಹೆಸರಿರುತ್ತದೆ. ಮೊದಲೇ ಆನ್ ಇದ್ದರೆ ಇದು ಆ ಸಮಸ್ಯೆಯಲ್ಲ; ಆವೃತ್ತಿ ಸಂಖ್ಯೆ, ಫೋನಿನ ಮಾಡೆಲ್ ಬರೆದುಕೊಂಡು ತಾಂತ್ರಿಕ ತಂಡಕ್ಕೆ ದಾಟಿಸಿ.’

‘ನಿಮ್ಮದು ಆಂಡ್ರಾಯ್ಡ್ ಎಷ್ಟು?’ ಎಂಬ ಪ್ರಶ್ನೆ ಇಲ್ಲಿ ಇಲ್ಲವೇ ಇಲ್ಲ. ಅದನ್ನು ಹುಡುಕಿಸುವಷ್ಟರಲ್ಲಿ ಕರೆ ಮಾಡಿದವರ ತಾಳ್ಮೆ ಮುಗಿದಿರುತ್ತದೆ. ಸ್ವಿಚ್ ಆಫ್ ಇದೆಯೋ ಆನ್ ಇದೆಯೋ ಎಂಬುದೊಂದೇ ಮುಂದಿನ ದಾರಿ ಹೇಳುತ್ತದೆ.

ಟಿಪ್ಪಣಿಯಲ್ಲಿ ಇನ್ನೊಂದು ಸಾಲು ಇರಲೇಬೇಕು, ಬರೆಯುವವರು ಸಾಮಾನ್ಯವಾಗಿ ಮರೆಯುವುದೂ ಅದನ್ನೇ: ಏನು ಹೇಳಬಾರದು ಎಂಬುದು. ಕಸ್ಟಮರ್ ಕೇರ್‌ನಲ್ಲಿ ಎಲ್ಲ ಕಾಯಿಲೆಗೂ ಒಂದೇ ಮದ್ದು, ‘ಆ್ಯಪ್ ತೆಗೆದು ಮತ್ತೆ ಹಾಕಿ ಸರ್.’ ಇಲ್ಲಿ ಹಾಗೆ ಮಾಡಿಸಿದರೆ ಸ್ವಿಚ್ ಮತ್ತೆ ಆಫ್‌ನಿಂದಲೇ ಶುರುವಾಗುತ್ತದೆ. ಓಟಿಪಿ ಹಾಕಿ ಲಾಗಿನ್ ಆಗುವ ರಗಳೆ ಬೇರೆ. ಪ್ರಶ್ನೆ ಇನ್ನೊಮ್ಮೆ ಬಂದಾಗ ಅದೇ ಬೆರಳು ಅದೇ ಗುಂಡಿ ಒತ್ತಿದರೆ ಮರುದಿನ ಮತ್ತೆ ಕರೆ ಬರುತ್ತದೆ.

ಎಲ್ಲರಿಗೂ ಅಪ್‌ಡೇಟ್ ಒಂದೇ ದಿನ ತಲುಪುತ್ತದೆ ಎಂಬ ಭಾವನೆಯೂ ಬಹಳ ಗೊಂದಲ ಹುಟ್ಟಿಸುತ್ತದೆ. ಕಂಪನಿಗಳು ಹೊಸ ಆವೃತ್ತಿಯನ್ನು ಹಂತಹಂತವಾಗಿ ಬಿಡುತ್ತವೆ. ಪ್ಲೇ ಸ್ಟೋರ್‌ನಲ್ಲಿ ಶೇಕಡಾ ಎಷ್ಟು ಜನರಿಗೆ ಎಂಬುದು ಕಂಪನಿಯ ಇಷ್ಟ. ಆ್ಯಪಲ್‌ನಲ್ಲಿ ಈ ದಾರಿ ಆರಿಸಿಕೊಂಡರೆ ಲೆಕ್ಕ ಏಳು ದಿನಗಳದ್ದು: ಮೊದಲ ದಿನ ಶೇ. 1, ಆಮೇಲೆ 2, 5, 10, 20, 50, ಕೊನೆಗೆ 100. ಅದೂ ತಾನಾಗಿ ಅಪ್‌ಡೇಟ್ ಆಗುವ ಫೋನ್‌ಗಳಿಗೆ ಮಾತ್ರ; ಆ್ಯಪ್ ಸ್ಟೋರ್‌ಗೆ ಹೋಗಿ ಕೈಯಾರೆ ಒತ್ತಿದವರಿಗೆ ಮೊದಲ ದಿನವೇ ಸಿಗುತ್ತದೆ. ಹಾಗಾಗಿ ಗ್ರಾಹಕರು ವಿವರಿಸುವ ಪರದೆ ಸಿಬ್ಬಂದಿಯ ಫೋನಿನಲ್ಲಿ ಇಲ್ಲದಿರಬಹುದು. ‘ಹಾಗೇನೂ ಇಲ್ಲವಲ್ಲ ಮೇಡಂ’ ಎಂದು ವಾದಕ್ಕಿಳಿಯುವ ಮುನ್ನ ಆವೃತ್ತಿ ಸಂಖ್ಯೆ ಕೇಳಬೇಕು. ಇಂದು ಎಷ್ಟು ಜನರಿಗೆ ತಲುಪಿದೆ ಎಂಬುದನ್ನು ಟಿಪ್ಪಣಿಯ ನೆತ್ತಿಯ ಮೇಲೆ ತಾರೀಖಿನ ಸಮೇತ ಬರೆದಿರಬೇಕು.

ತೊಂದರೆ ದೊಡ್ಡದಾದರೆ ಕಂಪನಿ ಬಿಡುಗಡೆಯನ್ನು ಅಲ್ಲಿಗೇ ನಿಲ್ಲಿಸಬಹುದು. ಆದರೆ ಆಗಲೇ 4.8.0 ಹಾಕಿಕೊಂಡವರು ಹಳೆಯದಕ್ಕೆ ತಾವಾಗಿ ಮರಳುವುದಿಲ್ಲ, ಅವರು 4.8.1 ಬರುವ ತನಕ ಕಾಯಬೇಕು. ಅಲ್ಲಿಯವರೆಗೆ ಸ್ವಿಚ್ ಆನ್ ಮಾಡಿಸುವ ಮೇಲಿನ ಉಪಾಯವೇ ಗತಿ. 4.8.1ರಲ್ಲಿ ಆ್ಯಪ್ ತಾನೇ ಆ ಸೆಟ್ಟಿಂಗ್‌ಗೆ ಕರೆದೊಯ್ಯುವಂತೆ ಮಾಡಿದರೆ ಟಿಪ್ಪಣಿಯ ಹಳೆಯ ಸಾಲಿಗೆ ‘4.8.0 ಇರುವವರಿಗೆ ಮಾತ್ರ’ ಎಂದು ಸೇರಿಸಬೇಕು. ಇಲ್ಲವಾದರೆ ಆರು ತಿಂಗಳಾದ ಮೇಲೂ ಯಾರೋ ಹೊಸ ಸಿಬ್ಬಂದಿ ಅದನ್ನೇ ನೋಡಿಕೊಂಡು ಗ್ರಾಹಕರಿಂದ ಆ್ಯಪ್‌ನ ಚಿತ್ರ ಒತ್ತಿ ಹಿಡಿಸುತ್ತಿರುತ್ತಾರೆ.